ಪಾವು ಸೇರಾಯಿತು, ಸೇರು ಪಾವಾಯಿತು

ಅಕ್ಕಂದಿರೇ,

ನಾವು ಅಡಿಗೆಮನೆಯಿಂದಲೇ ಈ ಪಾಠ ಶುರುಮಾಡೋಣ. ಅಕ್ಕಿ ಡಬ್ಬಿಯ ಒಳಗೆ ಒಂದು ಪಾವು ಇರುತ್ತದೆ ಅಲ್ವಾ? ನಾಲ್ಕು ಪಾವು ಸೇರಿದರೆ ಒಂದು ಸೇರು. ಅಂಗಡಿಯಲ್ಲಿ ಈಗ ಕಿಲೋ ಬಂದೈತೆ. ಆದರೆ ಎಷ್ಟೋ ಮನೆಗಳಲ್ಲಿ ಅಕ್ಕಿ ಅಳೆಯೋದು ಇವತ್ತಿಗೂ ಪಾವಿನಲ್ಲೇ.

ಮನೆಗೆ ನೆಂಟರು ಬಂದರು. ಅತ್ತೆ ಹೇಳಿದರು: "ಎರಡೂ ಮುಕ್ಕಾಲು ಸೇರು ಅಕ್ಕಿ ಹಾಕವ್ವಾ." ಮನೆಯಲ್ಲಿ ಸೇರು ಇಲ್ಲ, ಪಾವು ಮಾತ್ರ ಐತೆ. ಸೊಸೆ ಏನು ಮಾಡುತ್ತಾಳೆ? ಒಂದು ಸೇರಿಗೆ ನಾಲ್ಕು ಪಾವು, ಇನ್ನೊಂದು ಸೇರಿಗೆ ನಾಲ್ಕು ಪಾವು, ಮುಕ್ಕಾಲಿಗೆ ಮೂರು ಪಾವು. ಒಟ್ಟು ಹನ್ನೊಂದು ಪಾವು ಅಳೆದು ಹಾಕುತ್ತಾಳೆ.

ಅವಳು ಶಾಲೆಗೆ ಹೋಗಿಲ್ಲದೆ ಇರಬಹುದು. ಆದರೂ ಅವಳು ಮಾಡಿದ್ದು ಶಾಲೆಯ ಲೆಕ್ಕವೇ. ಅದನ್ನು ಕಾಗದದ ಮೇಲೆ ಬರೆಯುವುದು ಹೇಗೆ, ಬರೆಯುವಾಗ ಎಲ್ಲಿ ತಪ್ಪುತ್ತದೆ, ತಪ್ಪಿದ್ದು ಹೇಗೆ ಗೊತ್ತಾಗುತ್ತದೆ ಅನ್ನೋದನ್ನು ಈ ಪಾಠದಲ್ಲಿ ನೋಡೋಣ.

ಎರಡು ಬಗೆಯ ಬರಹ

ಎರಡೂ ಮುಕ್ಕಾಲು ಸೇರನ್ನು ಹೀಗೆ ಬರೆಯುತ್ತೇವೆ: 2¾

ಇದರಲ್ಲಿ ಒಂದು ಇಡೀ ಭಾಗ ಐತೆ, ಅದು 2. ಒಂದು ತುಂಡು ಭಾಗ ಐತೆ, ಅದು ¾. ಇಡೀ ಮತ್ತು ತುಂಡು ಎರಡೂ ಬೆರೆತಿರುವುದರಿಂದ ಇದಕ್ಕೆ ಮಿಶ್ರ ಭಿನ್ನರಾಶಿ ಅಂತ ಹೆಸರು.

ಅದೇ ಅಕ್ಕಿಯನ್ನು ಹನ್ನೊಂದು ಪಾವು ಅಂತ ಎಣಿಸಿದರೆ ಹೀಗೆ ಬರೆಯುತ್ತೇವೆ: 11/4

ಇದರಲ್ಲಿ ಇಡೀ ಬೇರೆ, ತುಂಡು ಬೇರೆ ಅಂತ ಇಲ್ಲ. ಎಲ್ಲವೂ ತುಂಡುಗಳೇ. ಮೇಲಿನ ಅಂಕಿ ಕೆಳಗಿನ ಅಂಕಿಗಿಂತ ದೊಡ್ಡದು. ಇದಕ್ಕೆ ವಿಷಮ ಭಿನ್ನರಾಶಿ ಅನ್ನುತ್ತಾರೆ.

ಕೆಳಗಿನ 4 ಏನು ಹೇಳುತ್ತದೆ? ಒಂದು ಇಡೀ ಎಷ್ಟು ತುಂಡಾಗಿದೆ ಅಂತ ಹೇಳುತ್ತದೆ. ಇದು ಛೇದ. ಮೇಲಿನ 11 ಏನು ಹೇಳುತ್ತದೆ? ಅಂಥ ತುಂಡುಗಳು ಎಷ್ಟು ಇವೆ ಅಂತ ಹೇಳುತ್ತದೆ. ಇದು ಅಂಶ. ಛೇದ ತುಂಡಿನ ಹೆಸರು ಇದ್ದಂತೆ. ಅಂಶ ತುಂಡಿನ ಎಣಿಕೆ ಇದ್ದಂತೆ. ಈ ಒಂದು ಮಾತು ನೆನಪಿದ್ದರೆ ಮುಂದಿನ ಪಾಠ ಸಲೀಸು.

2¾ ಮತ್ತು 11/4 ಬೇರೆ ಬೇರೆ ಅಲ್ಲ. ಅನ್ನ ಮಾಡಿದರೆ ಎರಡರಿಂದಲೂ ಅಷ್ಟೇ ಅನ್ನ.

ಸೇರನ್ನು ಪಾವು ಮಾಡುವುದು

2¾ ಅನ್ನು ವಿಷಮ ಭಿನ್ನರಾಶಿ ಮಾಡೋಣ.

ಮೊದಲು ಇಡೀ ಭಾಗವನ್ನು ಛೇದದಿಂದ ಗುಣಿಸಿ. 2 × 4 = 8. ಅಂದರೆ ಎರಡು ಸೇರಿಗೆ 8 ಪಾವು.

ಆಮೇಲೆ ಮೇಲಿನ ಅಂಕಿಯನ್ನು ಕೂಡಿಸಿ. 8 + 3 = 11.

ಕೊನೆಗೆ ಅದೇ ಛೇದವನ್ನು ಕೆಳಗೆ ಬರೆಯಿರಿ. 11/4.

ಈ ದಾರಿ ಬಹಳ ಹಳೆಯದು. ಸುಮಾರು ಕ್ರಿ.ಶ. 850ರ ಹೊತ್ತಿಗೆ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ' ಎಂಬ ಪುಸ್ತಕ ಬರೆದರು. ಅದು ಸಂಸ್ಕೃತದಲ್ಲಿದೆ. ಇಡೀಗೆ ತುಂಡು ಅಂಟಿಕೊಂಡಿರುವ ಲೆಕ್ಕವನ್ನು ಅದರಲ್ಲಿ 'ಭಾಗಾನುಬಂಧ' ಅಂತ ಕರೆದಿದ್ದಾರೆ. ಹೆಸರು ಚಂದ ಐತೆ ಅಲ್ವಾ? ಭಾಗ ಬಂದು ಇಡೀಗೆ ಕೂಡಿಕೊಂಡಿದೆ ಅಂತ ಅರ್ಥ. ಕೂಡಿಕೊಂಡಿದೆ, ಗುಣಿಸಿಕೊಂಡಿಲ್ಲ. 2¾ ಅಂದರೆ 2 ಮತ್ತು ¾. ನಡುವೆ 'ಮತ್ತು' ಅನ್ನೋ ಮಾತು ಅಡಗಿದೆ. ನಾವು ಬಾಯಲ್ಲಿ 'ಎರಡೂ ಮುಕ್ಕಾಲು' ಅಂತ ಎಳೆದು ಹೇಳುತ್ತೇವೆ. ಆ 'ಊ' ಅನ್ನೋದೇ ಈ 'ಮತ್ತು'.

ಇಲ್ಲಿ ಆಗುವ ತಪ್ಪುಗಳು ಎರಡು.

ಮೊದಲನೆಯದು, ಗುಣಿಸದೆ ಬರಿದೇ ಕೂಡಿಸುವುದು. 2 + 3 = 5, ಆದ್ದರಿಂದ 5/4 ಅಂತ ಬರೆಯುವುದು. ಇದು ಯಾಕೆ ತಪ್ಪು? 2 ಅನ್ನೋದು ಸೇರು, 3 ಅನ್ನೋದು ಪಾವು. ಸೇರು, ಪಾವು ಎರಡನ್ನೂ ಹಂಗೇ ಕೂಡಿಸಿದರೆ ಎರಡು ಆಡು, ಮೂರು ಕೋಳಿ ಸೇರಿಸಿ ಐದು ಆಡು ಅಂದಂತೆ. ಮೊದಲು ಸೇರನ್ನು ಪಾವು ಮಾಡಬೇಕು, ಆಮೇಲೆ ಕೂಡಿಸಬೇಕು. 5 ಪಾವು ಅಂದರೆ ಬರೀ ಒಂದೂಕಾಲು ಸೇರು. ನೆಂಟರು ಅರೆಹೊಟ್ಟೆಯಲ್ಲಿ ಏಳುತ್ತಾರೆ.

ಎರಡನೆಯದು, ಗುಣಿಸಿ ಅಲ್ಲಿಗೇ ನಿಲ್ಲಿಸುವುದು. 2 × 4 = 8, ಆದ್ದರಿಂದ 8/4. ಇಲ್ಲಿ ಮುಕ್ಕಾಲು ಸೇರು ಕಾಗದದ ಮೇಲೇ ಕಳೆದುಹೋಯಿತು.

ತಪ್ಪು ಹಿಡಿಯುವುದು ಹೇಗೆ? ಎರಡೂ ಮುಕ್ಕಾಲು ಸೇರು ಎರಡು ಸೇರಿಗಿಂತ ಜಾಸ್ತಿ, ಮೂರು ಸೇರಿಗಿಂತ ಕಡಿಮೆ. ಎರಡು ಸೇರಿಗೆ 8 ಪಾವು, ಮೂರು ಸೇರಿಗೆ 12 ಪಾವು. ಹಂಗಾದರೆ ಉತ್ತರ 8ಕ್ಕೂ 12ಕ್ಕೂ ನಡುವೆ ಇರಲೇಬೇಕು. 5 ಬಂದರೂ ತಪ್ಪು, 8 ಬಂದರೂ ತಪ್ಪು, 14 ಬಂದರೂ ತಪ್ಪು.

ಪಾವನ್ನು ಸೇರು ಮಾಡುವುದು

ಈಗ ತಿರುಗಿಸೋಣ. ಕೈಯಲ್ಲಿ 11 ಪಾವು ಐತೆ, ಅಂದರೆ 11/4. ಎಷ್ಟು ಸೇರು?

ನಾಲ್ಕು ನಾಲ್ಕು ಪಾವಿನ ಗುಡ್ಡೆ ಮಾಡಿ. ಎರಡು ಗುಡ್ಡೆ ಆಗುತ್ತದೆ, ಮೂರು ಪಾವು ಉಳಿಯುತ್ತದೆ. ಲೆಕ್ಕದ ಮಾತಿನಲ್ಲಿ ಹೇಳುವುದಾದರೆ 11 ಅನ್ನು 4ರಿಂದ ಭಾಗಿಸಿದರೆ ಭಾಗಲಬ್ಧ 2, ಶೇಷ 3. ಗುಡ್ಡೆಯ ಎಣಿಕೆ ಇಡೀ ಭಾಗವಾಗುತ್ತದೆ. ಉಳಿದದ್ದು ಮೇಲೆ ಹೋಗುತ್ತದೆ. ಛೇದ ಮೊದಲಿನದೇ. ಉತ್ತರ 2¾.

ಇಲ್ಲಿಯೂ ಕೈ ತಪ್ಪುತ್ತದೆ. ಕೆಲವರು ಗುಡ್ಡೆಯನ್ನೂ ಶೇಷವನ್ನೂ ಅದಲುಬದಲು ಮಾಡಿ ಮೂರು ಇಡೀ, ಎರಡು ಕಾಲು ಅಂತ ಬರೆಯುತ್ತಾರೆ. ಅಂದರೆ ಮೂರೂವರೆ. ಅದನ್ನು ತಿರುಗಿಸಿ ನೋಡಿ. 3 × 4 = 12, 12 + 2 = 14. ನಾವು ಹೊರಟದ್ದು 11 ಪಾವಿನಿಂದ, ಬಂದದ್ದು 14. ಎಲ್ಲೋ ತಪ್ಪಿದೆ ಅಂತ ಅಲ್ಲೇ ಗೊತ್ತಾಗುತ್ತದೆ. ಹೋದ ದಾರಿಯಲ್ಲೇ ತಿರುಗಿ ಬಂದರೆ ಹೊರಟ ಮನೆಗೇ ಬರಬೇಕು.

ಇನ್ನೊಂದು ತಪ್ಪು ಹೊಸಪೇಟೆ ಮಾರುಕಟ್ಟೆಯಲ್ಲಿ ಎದುರಾಗಬಹುದು. ಅಲ್ಲಿನ ಎಲೆಕ್ಟ್ರಾನಿಕ್ ತಕ್ಕಡಿ ಮುಕ್ಕಾಲು, ಅರ್ಧ ಅಂತ ಹೇಳುವುದಿಲ್ಲ. ಚುಕ್ಕಿ ಇಟ್ಟು ಹೇಳುತ್ತದೆ. ಎರಡೂ ಮುಕ್ಕಾಲು ಕಿಲೋ ಇಟ್ಟರೆ 2.750 ಅಂತ ತೋರಿಸುತ್ತದೆ. ಶೇಷ 3 ಬಂತು ಅಂತ ನಾವು 2.3 ಎಂದು ಬರೆದುಕೊಂಡರೆ ಅದು 2 ಕಿಲೋ 300 ಗ್ರಾಂ ಆಗುತ್ತದೆ. ನಿಜವಾದ ತೂಕ 2 ಕಿಲೋ 750 ಗ್ರಾಂ. ಒಂದು ಚುಕ್ಕಿಯಿಂದ 450 ಗ್ರಾಂ ಹೋಯಿತು. ಕಾಲು ಕಿಲೋ ಅಂದರೆ 250 ಗ್ರಾಂ, ಮೂರು ಕಾಲು ಅಂದರೆ 750 ಗ್ರಾಂ. ಶೇಷವನ್ನು ಚುಕ್ಕಿಯ ಮುಂದೆ ಹಂಗೇ ಇಡಬಾರದು.

ಸಂಡೂರಿನ ಅಕ್ಕನ ಲೆಕ್ಕ

ಈಗ ಒಂದು ಕತೆ. ಕತೆ ನಾವು ಲೆಕ್ಕಕ್ಕೆ ಹೂಡಿದ್ದು. ಆದರೆ ಕಸೂತಿ ನಿಜ, ಊರೂ ನಿಜ. ಸಂಡೂರಿನ ಸುತ್ತಿನ ತಾಂಡಾಗಳಲ್ಲಿ ಲಂಬಾಣಿ ಹೆಣ್ಣುಮಕ್ಕಳು ಕನ್ನಡಿ, ಕವಡೆ ಕೂರಿಸಿ ಬಣ್ಣದ ದಾರದ ಕಸೂತಿ ಹಾಕುತ್ತಾರೆ. 2010ರಲ್ಲಿ ಈ ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕ ಸಿಕ್ಕಿತು. ಅಂದರೆ ಈ ಹೆಸರು ಈ ಊರಿನ ಕೆಲಸಕ್ಕೇ ಸೇರಿದ್ದು ಅಂತ ಸರ್ಕಾರದ ಪುಸ್ತಕದಲ್ಲಿ ದಾಖಲಾಯಿತು.

ನಮ್ಮ ಕತೆಯ ಅಕ್ಕ ಬಟ್ಟೆಯ ಅಂಚಿಗೆ ಕಸೂತಿ ಪಟ್ಟಿ ಹಾಕುತ್ತಾಳೆ. ಒಂದು ಮೀಟರಿಗೆ 60 ರೂಪಾಯಿ ಕೂಲಿ ಅಂದುಕೊಳ್ಳೋಣ. ಒಂದು ವಾರದಲ್ಲಿ ನಾಲ್ಕು ಪಟ್ಟಿ ಮುಗಿಸಿದಳು. ಅವುಗಳ ಉದ್ದ:

ಒಂದನೆಯದು 1¾ ಮೀಟರ್
ಎರಡನೆಯದು 2¾ ಮೀಟರ್
ಮೂರನೆಯದು 3½ ಮೀಟರ್
ನಾಲ್ಕನೆಯದು 1¾ ಮೀಟರ್

ಅಕ್ಕ ಕೂಡಿಸಲು ಕುಳಿತಳು. ಅರ್ಧ ಅಂದರೆ ಎರಡು ಕಾಲು ಅಂತ ಅವಳಿಗೆ ಗೊತ್ತು. ಮೊದಲು ಕಾಲುಗಳನ್ನು ಕೂಡಿಸಿದಳು. 3, 3, 2, 3. ಒಟ್ಟು 11 ಕಾಲು. ಇಲ್ಲಿಯವರೆಗೆ ಸರಿ. ಆಮೇಲೆ ಅವಳ ಕೈಗೆ ಹಳೆಯ ಅಭ್ಯಾಸ ಬಂತು. ಹನ್ನೊಂದಕ್ಕೆ ಒಂದು ಬರೆದು, ದಶಕ ಒಂದು ಅಂದಳು. ಇಡೀ ಭಾಗಗಳು 1, 2, 3, 1. ಒಟ್ಟು 7. ದಶಕ ಒಂದು ಸೇರಿಸಿದರೆ 8. ಉತ್ತರ 8¼ ಮೀಟರ್ ಅಂತ ಬರೆದಳು. ಕೂಲಿ 495 ರೂಪಾಯಿ ಬಂತು.

ಪಕ್ಕದಲ್ಲಿ ಕೂತಿದ್ದ ಅವಳ ಓರಗಿತ್ತಿ ಲೆಕ್ಕ ಬರೆಯಲಿಲ್ಲ. ಟೇಪು ಹಿಡಿದು ನಾಲ್ಕು ಪಟ್ಟಿಗಳನ್ನೂ ಒಂದರ ತುದಿಗೆ ಒಂದು ಇಟ್ಟು ಅಳೆದಳು. "ಅಕ್ಕಾ, ಒಂಬತ್ತೂ ಮುಕ್ಕಾಲು ಐತಲ್ಲ! ಒಂದೂವರೆ ಮೀಟರ್ ಎಲ್ಲಿ ಹೋತು?" ಅಂದಳು.

ಎಲ್ಲಿ ಹೋಯಿತು? ಆ ದಶಕದಲ್ಲಿ ಹೋಯಿತು.

ನೋಡ್ರಿ, 7 ಮತ್ತು 5 ಕೂಡಿಸುವಾಗ ಹತ್ತು ಬಿಡಿ ಸೇರಿದರೆ ಒಂದು ಹತ್ತು. ಅದಕ್ಕೇ ಹತ್ತು ತುಂಬಿದಾಗ ಒಂದನ್ನು ಮುಂದಿನ ಮನೆಗೆ ಕಳಿಸುತ್ತೇವೆ. ಆದರೆ ಕಾಲಿನ ಮನೆಯ ಕಟ್ಟಳೆ ಬೇರೆ. ಅಲ್ಲಿ ನಾಲ್ಕು ತುಂಬಿದರೆ ಒಂದು ಇಡೀ. ಹತ್ತರವರೆಗೆ ಕಾಯಬಾರದು. ಎಷ್ಟು ತುಂಬಿದರೆ ಮುಂದಿನ ಮನೆಗೆ ಹೋಗಬೇಕು ಅನ್ನೋದನ್ನು ಛೇದವೇ ಹೇಳುತ್ತದೆ.

ಸರಿಯಾದ ದಾರಿ ಹೀಗೆ. 11 ಕಾಲು ಅಂದರೆ 11/4. ನಾಲ್ಕರ ಗುಡ್ಡೆ ಎರಡು, ಉಳಿದದ್ದು ಮೂರು. ಅಂದರೆ 2¾. ಇಡೀ ಭಾಗ 7ಕ್ಕೆ ಈ 2 ಸೇರಿಸಿದರೆ 9. ಉಳಿದ ¾ ಪಕ್ಕದಲ್ಲಿ. ಉತ್ತರ 9¾ ಮೀಟರ್.

ಈಗ ಕೂಲಿ ಲೆಕ್ಕ. 9¾ ಅನ್ನು ಕಾಲುಗಳು ಮಾಡಿಕೊಂಡರೆ ಸುಲಭ. 9 × 4 = 36, 36 + 3 = 39. ಒಟ್ಟು 39 ಕಾಲು ಮೀಟರ್. ಒಂದು ಮೀಟರಿಗೆ 60 ರೂಪಾಯಿ ಅಂದರೆ ಕಾಲು ಮೀಟರಿಗೆ 15 ರೂಪಾಯಿ. 39 × 15 = 585 ರೂಪಾಯಿ.

ಅಕ್ಕ ಮೊದಲು ಬರೆದದ್ದು 495. ವ್ಯತ್ಯಾಸ 90 ರೂಪಾಯಿ. ಯಾರೂ ಮೋಸ ಮಾಡಲಿಲ್ಲ. ಹತ್ತು ಅಂದುಕೊಂಡ ಕಡೆ ನಾಲ್ಕು ಅನ್ನಬೇಕಿತ್ತು, ಅಷ್ಟೇ. ಆದರೂ ಒಂದೂವರೆ ಮೀಟರ್ ಕೆಲಸ ಪುಕ್ಕಟೆ ಆಗುತ್ತಿತ್ತು.

ಕೂಡಿಸಿ ಆದ ಮೇಲೆ ಇನ್ನೂ ಒಂದು ತಪ್ಪು ಆಗುವುದುಂಟು. ಎರಡು ಗುಡ್ಡೆಯನ್ನು ಇಡೀ ಭಾಗಕ್ಕೆ ಸೇರಿಸಿ 9 ಅಂತ ಬರೆದು, ಪಕ್ಕದಲ್ಲಿ 11/4 ಅನ್ನು ಹಂಗೇ ಬಿಡುವುದು. ಆಗ ಅದೇ ಎಂಟು ಕಾಲುಗಳು ಎರಡು ಸಲ ಲೆಕ್ಕಕ್ಕೆ ಬಂದವು. ಬಟ್ಟೆ ಕೊಟ್ಟವರು ಅಳೆದು ನೋಡಿದರೆ ನಮ್ಮ ಮಾತಿಗೇ ಬೆಲೆ ಹೋಗುತ್ತದೆ. ಮುಂದಿನ ಮನೆಗೆ ಕಳಿಸಿದ್ದನ್ನು ಈ ಮನೆಯಲ್ಲಿ ಹೊಡೆದು ಹಾಕಬೇಕು.

ಕಂಪ್ಲಿಯ ಅಕ್ಕನ ಕೈಗಡ

ಕಂಪ್ಲಿ ತುಂಗಭದ್ರೆಯ ದಡದ ಊರು. ಕಾಲುವೆ ನೀರು ಹರಿಯುವ ಭತ್ತದ ಸೀಮೆ. ಅಲ್ಲಿನ ಅಕ್ಕನ ಮನೆಯಲ್ಲಿ 5¼ ಸೇರು ಅಕ್ಕಿ ಇತ್ತು. ಪಕ್ಕದ ಮನೆಯವರಿಗೆ 2¾ ಸೇರು ಕೈಗಡ ಕೊಟ್ಟಳು. ಉಳಿದದ್ದು ಎಷ್ಟು?

ಒಂದು ಕಾಲಿನಿಂದ ಮೂರು ಕಾಲು ಕಳೆಯಲು ಬರುವುದಿಲ್ಲ. ಇಡೀ ಭಾಗದಿಂದ ಒಂದು ಸೇರು ಸಾಲ ತರಬೇಕು. ಅಕ್ಕ 5ರಲ್ಲಿ ಒಂದು ತೆಗೆದು 4 ಮಾಡಿದಳು. ತಂದ ಒಂದನ್ನು ಹತ್ತು ಅಂದುಕೊಂಡಳು. 10 + 1 = 11 ಕಾಲು. ಅದರಲ್ಲಿ 3 ಹೋದರೆ 8 ಕಾಲು, ಅಂದರೆ 2 ಸೇರು. ಇಡೀ ಭಾಗ 4 − 2 = 2. ಒಟ್ಟು 4 ಸೇರು ಉಳಿಯಿತು ಅಂತ ಬರೆದಳು.

ಮಗಳು ಕೇಳಿದಳು: "ಅವ್ವಾ, ಕೊಟ್ಟಿದ್ದು ಎರಡೂ ಮುಕ್ಕಾಲು, ಉಳಿದಿದ್ದು ನಾಕು. ಎರಡೂ ಸೇರಿದ್ರೆ ಆರೂ ಮುಕ್ಕಾಲು ಆತಲ್ಲ. ಇದ್ದಿದ್ದೇ ಐದೂಕಾಲು!"

ಮಗಳು ಮಾಡಿದ್ದೇ ಸರಿಯಾದ ಪರೀಕ್ಷೆ. ಕೊಟ್ಟದ್ದು, ಉಳಿದದ್ದು ಎರಡನ್ನೂ ಕೂಡಿಸಿದರೆ ಮೊದಲಿದ್ದದ್ದೇ ಬರಬೇಕು.

ಒಂದು ಸೇರು ಒಡೆದರೆ ಹತ್ತು ಪಾವು ಆಗುವುದಿಲ್ಲ, ನಾಲ್ಕೇ ಪಾವು. ಹಂಗಾಗಿ 4 + 1 = 5 ಕಾಲು. ಐದರಲ್ಲಿ ಮೂರು ಹೋದರೆ 2 ಕಾಲು, ಅಂದರೆ ಅರ್ಧ. ಇಡೀ ಭಾಗ 4 − 2 = 2. ಉಳಿದದ್ದು 2½ ಸೇರು.

ಸಾಲ ತರುವುದು ಕಷ್ಟ ಅನ್ನಿಸಿದರೆ ಇನ್ನೊಂದು ದಾರಿ ಐತೆ. ಎಲ್ಲವನ್ನೂ ಪಾವು ಮಾಡಿಬಿಡಿ. 5¼ ಸೇರು ಅಂದರೆ 21 ಪಾವು. 2¾ ಸೇರು ಅಂದರೆ 11 ಪಾವು. 21 − 11 = 10 ಪಾವು. ಹತ್ತು ಪಾವಿಗೆ ಎರಡು ಸೇರು, ಎರಡು ಪಾವು. ಅದೇ ಎರಡೂವರೆ. ಇಲ್ಲಿ ಸಾಲದ ಗೊಡವೆಯೇ ಇಲ್ಲ. ಕಳೆಯುವ ಲೆಕ್ಕಕ್ಕೆ, ಗುಣಿಸುವ ಲೆಕ್ಕಕ್ಕೆ ವಿಷಮ ಭಿನ್ನರಾಶಿ ಅನುಕೂಲ. ಇನ್ನೊಬ್ಬರಿಗೆ ಹೇಳುವುದಕ್ಕೆ, ಅಳೆಯುವುದಕ್ಕೆ ಮಿಶ್ರ ಭಿನ್ನರಾಶಿ ಅನುಕೂಲ.

ಹಂಪಿಯ ಅಕ್ಕನ ಗಂಟೆಗಳು

ಇಲ್ಲಿಯವರೆಗೆ ಎಲ್ಲಾ ಕಡೆ ಛೇದ 4 ಇತ್ತು. ಛೇದ ಬದಲಾದರೆ?

ಹಂಪಿಗೆ ಬರುವ ಪ್ರವಾಸಿಗರಿಗೆ ಊಟ ಹಾಕುವ ಒಂದು ಖಾನಾವಳಿಯಲ್ಲಿ ಒಬ್ಬ ಅಕ್ಕ ಕೆಲಸ ಮಾಡುತ್ತಾಳೆ ಅಂದುಕೊಳ್ಳೋಣ. 8 ಗಂಟೆ ಕೆಲಸಕ್ಕೆ ಒಂದು ದಿನದ ಕೂಲಿ. ಒಂದು ವಾರದಲ್ಲಿ ಬಿಡಿ ಬಿಡಿಯಾಗಿ 29 ಗಂಟೆ ಕೆಲಸ ಮಾಡಿದಳು. ಎಷ್ಟು ದಿನ ಆಯಿತು?

ಇಲ್ಲಿ ಒಂದು ಗಂಟೆ ಅಂದರೆ ದಿನದ ಎಂಟನೇ ಒಂದು ಭಾಗ. ಛೇದ 8. ಹಂಗಾಗಿ 29/8. ಎಂಟೆಂಟು ಗಂಟೆಯ ಗುಡ್ಡೆ ಮಾಡಿದರೆ ಮೂರು ಗುಡ್ಡೆಗೆ 24. ಉಳಿದದ್ದು 5. ಅಂದರೆ ಮೂರು ದಿನ ಮತ್ತು ಐದು ಗಂಟೆ. ಬರೆಯುವುದು 3 5/8.

ಪಾವಿನ ಅಭ್ಯಾಸದಲ್ಲಿ ನಾಲ್ಕರ ಗುಡ್ಡೆ ಮಾಡಿದರೆ ಏಳು ದಿನ, ಮೇಲೆ ಒಂದು ಕಾಲು ಬರುತ್ತದೆ. ಹತ್ತರ ಗುಡ್ಡೆ ಮಾಡಿದರೆ ಎರಡು ದಿನ, ಮೇಲೆ ಒಂಬತ್ತು ಗಂಟೆ ಬರುತ್ತದೆ. ಎರಡೂ ತಪ್ಪು. ಎರಡನೆಯದರಲ್ಲಿ ತಪ್ಪು ಕಣ್ಣಿಗೇ ಕಾಣುತ್ತದೆ. ಎಂಟು ಗಂಟೆಗೇ ಒಂದು ದಿನ ಆಗುವಾಗ ಒಂಬತ್ತು ಗಂಟೆ ಹೇಗೆ ಉಳಿಯುತ್ತದೆ? ಉಳಿದದ್ದು ಯಾವಾಗಲೂ ಛೇದಕ್ಕಿಂತ ಚಿಕ್ಕದಿರಬೇಕು. ದೊಡ್ಡದಿದ್ದರೆ ಇನ್ನೂ ಒಂದು ಗುಡ್ಡೆ ಅದರಲ್ಲೇ ಅಡಗಿದೆ ಅಂತ ತಿಳಿಯಿರಿ.

ಬರೆಯುವಾಗ ಒಂದು ಜೋಪಾನ

ಎರಡೂವರೆಯನ್ನು ಬರೆಯುವಾಗ 2 ದೊಡ್ಡದಾಗಿ ಬರೆಯಿರಿ. ಸ್ವಲ್ಪ ಜಾಗ ಬಿಟ್ಟು, 1ರ ಕೆಳಗೆ ಗೆರೆ ಎಳೆದು, ಗೆರೆಯ ಕೆಳಗೆ 2 ಬರೆಯಿರಿ. ಎಲ್ಲವನ್ನೂ ಒತ್ತಿ ಒಂದೇ ಸಾಲಿನಲ್ಲಿ ಬರೆದರೆ 21/2 ಅಂತ ಕಾಣುತ್ತದೆ. ಅದು ಇಪ್ಪತ್ತೊಂದು ಅರ್ಧ, ಅಂದರೆ ಹತ್ತೂವರೆ. ಕೈಗಡದ ಪುಸ್ತಕದಲ್ಲಿ ಎರಡೂವರೆ ಸೇರು ಹತ್ತೂವರೆ ಸೇರಾಗಿ ಕೂತರೆ ಜಗಳಕ್ಕೆ ದಾರಿ. ಅದಕ್ಕೇ ಅಂಕಿಯ ಪಕ್ಕದಲ್ಲಿ ಅಕ್ಷರದಲ್ಲೂ ಬರೆಯಿರಿ: 2½ (ಎರಡೂವರೆ). ಅಕ್ಷರ ಬರೆದ ಮೇಲೆ ಅದನ್ನು ಇನ್ನೊಂದು ಬಗೆಯಾಗಿ ಓದಲು ಬರುವುದಿಲ್ಲ.

ಅಭ್ಯಾಸ

ಮನೆಯಲ್ಲಿ ಪಾವು ಇದ್ದರೆ ಎದುರಿಗೆ ಇಟ್ಟುಕೊಳ್ಳಿ. ಹುಣಸೆ ಬೀಜವನ್ನಾದರೂ ಇಟ್ಟುಕೊಳ್ಳಿ. ಒಂದು ಬೀಜ ಒಂದು ತುಂಡು.

1. 3¼ ಸೇರಿಗೆ ಎಷ್ಟು ಪಾವು?
2. 19 ಪಾವಿಗೆ ಎಷ್ಟು ಸೇರು?
3. 2¾ ಮೀಟರ್ ಮತ್ತು 4¾ ಮೀಟರ್ ಕೂಡಿಸಿದರೆ ಎಷ್ಟು?
4. 6 ಸೇರು ಅಕ್ಕಿಯಲ್ಲಿ 1¾ ಸೇರು ಕೊಟ್ಟರೆ ಉಳಿದದ್ದು ಎಷ್ಟು?
5. ಒಬ್ಬರು 4½ ಅನ್ನು 5/2 ಅಂತ ಬರೆದಿದ್ದಾರೆ. ಎಲ್ಲಿ ತಪ್ಪಿದೆ?

ನೀವು ಮಾಡಿ ಮುಗಿಸಿದ ಮೇಲೆ ಕೆಳಗೆ ನೋಡಿ.

ಉತ್ತರ

1. 3 × 4 = 12, 12 + 1 = 13. ಹದಿಮೂರು ಪಾವು, 13/4.
2. ನಾಲ್ಕರ ಗುಡ್ಡೆ ನಾಲ್ಕು, ಉಳಿದದ್ದು ಮೂರು. 4¾ ಸೇರು.
3. ಕಾಲುಗಳು 3 + 3 = 6, ಅಂದರೆ ಒಂದು ಇಡೀ, ಎರಡು ಕಾಲು. ಇಡೀ ಭಾಗ 2 + 4 + 1 = 7. ಏಳೂವರೆ ಮೀಟರ್, 7½. ಆರು ಹತ್ತಾಗಲಿಲ್ಲ ಅಂತ ಮುಂದಿನ ಮನೆಗೆ ಕಳಿಸದೆ ಬಿಟ್ಟಿದ್ದರೆ ಸಂಡೂರಿನ ಅಕ್ಕನ ಕತೆಯನ್ನು ಇನ್ನೊಮ್ಮೆ ಓದಿ.
4. 24 ಪಾವಿನಲ್ಲಿ 7 ಪಾವು ಹೋದರೆ 17 ಪಾವು. 4¼ ಸೇರು. ಕೂಡಿಸಿ ನೋಡಿ: ನಾಲ್ಕೂಕಾಲು, ಒಂದೂ ಮುಕ್ಕಾಲು ಸೇರಿದರೆ ಆರು.
5. 4 ಮತ್ತು 1 ಅನ್ನು ಹಂಗೇ ಕೂಡಿಸಿದ್ದಾರೆ. 4 × 2 = 8, 8 + 1 = 9. ಸರಿಯಾದದ್ದು 9/2. ಐದು ಅರ್ಧ ಅಂದರೆ ಬರೀ ಎರಡೂವರೆ, ಒಂಬತ್ತು ಅರ್ಧ ಅಂದರೆ ನಾಲ್ಕೂವರೆ.

ನಾಳೆ ಅಕ್ಕಿ ಅಳೆಯುವಾಗ ಪಾವುಗಳನ್ನು ಎಣಿಸಿ ಬರೆದಿಡಿ. ಆಮೇಲೆ ಅದನ್ನು ಸೇರು ಮಾಡಿ ಬರೆಯಿರಿ. ಒಂದೇ ಡಬ್ಬಿ, ಒಂದೇ ಅಕ್ಕಿ, ಎರಡು ಬಗೆಯ ಬರಹ.